ಹ್ಯಾಂಡ್‌ಶೇಕ್ ಫೇಲ್ ಆಯ್ತಂತೆ, ಕೈ ಕೊಟ್ಟವರು ಯಾರು?

ಸೋಮವಾರ ಬೆಳಿಗ್ಗೆ 9ಕ್ಕೆ ನಮ್ಮ ಕಂಪನಿಯ ವೆಬ್‌ಸೈಟು ಗಿರಾಕಿಗಳನ್ನು ಬಾಗಿಲಲ್ಲೇ ನಿಲ್ಲಿಸಿತು. ಯಾರು ತೆರೆದರೂ ಕೆಂಪು ತ್ರಿಕೋನ, ಅದರ ಕೆಳಗೆ `NET::ERR_CERT_DATE_INVALID`. ಮ್ಯಾನೇಜರ್ ಸಾಹೇಬ್ರು ಗ್ರೂಪಿನಲ್ಲಿ ಒಂದೇ ಮಾತು ಕೇಳಿದರು: "ಏನಾಗಿದೆ?"

ನಮ್ಮ ಹುಡುಗ ಉತ್ತರಿಸಿದ: "ಸಾರ್, ಟಿಎಲ್‌ಎಸ್ ಹ್ಯಾಂಡ್‌ಶೇಕ್ ಫೇಲ್ ಆಗ್ತಿದೆ. ಲೀಫ್ ಸರ್ಟ್ ಎಕ್ಸ್‌ಪೈರ್ಡ್. ರಿನ್ಯೂಯಲ್ ಆಗಿದೆ, ಆದ್ರೆ ಮೆಮೊರಿಯಲ್ಲಿ ಸ್ಟೇಲ್ ಕಾಪಿ ಇದೆ. ಡಿಪ್ಲಾಯ್ ಹುಕ್ ಮಿಸ್ಸಿಂಗ್. ಲುಕಿಂಗ್ ಇನ್‌ಟು ಇಟ್."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ತೊಂದರೆ.

ಸಾಹೇಬರಿಗೆ ಅರ್ಥವಾದದ್ದು ಹ್ಯಾಂಡ್‌ಶೇಕ್ ಒಂದೇ. ಅದು ಬ್ರೌಸರು ಸೈಟಿನ ಗುರುತಿನ ಸರ್ಟಿಫಿಕೇಟು ನೋಡಿ ಸುರಕ್ಷಿತವಾಗಿ ಮಾತು ಶುರುಮಾಡೋ ಕ್ರಮ. ಅವರು ಮಾತ್ರ ಯಾರೋ ಕೈ ಕುಲುಕಲು ಹೋಗಿ ಇನ್ಯಾರೋ ಕೈ ಕೊಟ್ಟಿದ್ದಾರೆ ಅಂದುಕೊಂಡರು. "ವೆಂಡರ್ ಜೊತೆ ಹೊಂದಾಣಿಕೆ ಕೆಟ್ಟಿದೆ" ಅಂತ ಮೇಲಿನವರಿಗೆ ವರದಿ ಹೋಯಿತು. ಎಚ್‌ಆರ್‌ನವರು ಲೀಫ್ ಅನ್ನೋದನ್ನ ಲೀವ್ ಅಂತ ಓದಿ, ರಜೆಯಲ್ಲಿ ಯಾರಿದ್ದಾರೆ ಅಂತ ಪಟ್ಟಿ ತೆಗೆದರು. ಬಿಲ್ ಕಟ್ಟಿಲ್ಲವೇನೋ ಅಂತ ಲೆಕ್ಕಪತ್ರದವರು ಬೆವತರು. ಪಾಪ, ನಾವು ಬಳಸೋದು ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟು. ಅದು ಪುಕ್ಕಟೆ.

ಹತ್ತು ಗಂಟೆಗೆ ಹದಿನಾಲ್ಕು ಜನರ ಮೀಟಿಂಗು. ಈ ರೋಗಕ್ಕೆ ಮದ್ದು, ಸೈಟು ನಡೆಸುವ `nginx` ತಂತ್ರಾಂಶಕ್ಕೆ ಇಷ್ಟೇ ಒಂದು ಆದೇಶ:

```
nginx -s reload
```

ಬೈಟೂ ಕಾಫಿ ಬರುವಷ್ಟು ಹೊತ್ತೂ ಬೇಡ. ಮತ್ತೆ ಯಾಕೆ ಒತ್ತಲಿಲ್ಲ? ಗಿರಾಕಿಗಳ ಸರ್ವರಿನಲ್ಲಿ ಕೈ ಇಡಲು ಸಾಹೇಬರ ಒಪ್ಪಿಗೆ ಬೇಕು. ಅರ್ಥವಾಗದ್ದಕ್ಕೆ ಸಾಹೇಬರು ಒಪ್ಪೋಲ್ಲ. "ಲುಕಿಂಗ್ ಇನ್‌ಟು ಇಟ್" ಅಂದರೆ ಹುಡುಗ ಏನೋ ನೋಡ್ತಿದ್ದಾನೆ ಅಂತ ಅವರು ಕಾದರು. ಸಾಹೇಬರು ಹೂಂ ಅನ್ನಲಿ ಅಂತ ಹುಡುಗ ಕಾದ. ಸರ್ವರು ಇಬ್ಬರಿಗೂ ಕಾದಿತ್ತು.

ಕೊನೆಗೆ ಬಾಯಿ ಬಿಟ್ಟವರು ಟೆಸ್ಟಿಂಗ್‌ನ ಹಿರಿಯ ಮೇಡಂ. "ಸಾರ್, ಹೋಟೆಲಲ್ಲಿ ಲೈಸೆನ್ಸ್ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿರ್ತಾರಲ್ವಾ? ನಮ್ಮ ಹೊಸ ಲೈಸೆನ್ಸ್ ತಿಂಗಳ ಹಿಂದೆಯೇ ಬಂದಿದೆ. ಡ್ರಾಯರಲ್ಲಿದೆ. ಗೋಡೆ ಮೇಲಿರೋದು ಹಳೇದು, ಅದರ ಅವಧಿ ಇವತ್ತು ಮುಗೀತು. ಗಿರಾಕಿ ನೋಡೋದು ಗೋಡೆಯನ್ನ. ಕಳ್ಳರು ಬಂದಿಲ್ಲ, ಡೇಟಾ ಹೋಗಿಲ್ಲ. ಫ್ರೇಮ್ ಬದಲಿಸಲು ಒಂದು ನಿಮಿಷ, ಒಳಗೆ ಕೂತು ತಿನ್ನುತ್ತಿರುವವರನ್ನು ಎಬ್ಬಿಸಬೇಕಾಗಿಲ್ಲ. ನೀವು ಈಗ ಹೂಂ ಅಂದ್ರೆ ಇವನು ಮಾಡ್ತಾನೆ, ನಾನು ಹೊರಗಿನಿಂದ ಮೊಬೈಲಲ್ಲಿ ತೆರೆದು ಹೊಸ ತಾರೀಕು ಬಂತಾ ಅಂತ ಹೇಳ್ತೀನಿ."

"ಹೂಂ" ಅಂದರು ಸಾಹೇಬರು. 10:52ಕ್ಕೆ ಸೈಟು ಎದ್ದಿತು.

"ಹೊರಗಿನಿಂದ" ಅಂದದ್ದು ಸುಮ್ನೆ ಅಲ್ಲ. ಹುಡುಗ ಬೆಳಿಗ್ಗೆಯೇ ಸರ್ವರಿನೊಳಗಿನ ಫೈಲು ತೆರೆದು ನೋಡಿದ್ದ. ಅದರಲ್ಲಿ ಇನ್ನೂ 60 ದಿನ ಬಾಕಿ ಇತ್ತು. ಈ ಸರ್ಟಿಫಿಕೇಟಿನ ಆಯಸ್ಸು 90 ದಿನ. 30 ದಿನ ಉಳಿದಾಗ ಸರ್ಟ್‌ಬಾಟ್ ಅನ್ನೋ ತಂತ್ರಾಂಶ ತಾನೇ ಹೊಸದನ್ನು ತಂದು ಡಿಸ್ಕಿನಲ್ಲಿಡುತ್ತದೆ. `nginx` ಮಾತ್ರ ಶುರುವಾದಾಗ ಓದಿಕೊಂಡ ಹಳೇದನ್ನೇ ಹಿಡಿದು ಕೂತಿರುತ್ತದೆ, ರೀಲೋಡ್ ಮಾಡು ಅಂತ ಯಾರಾದರೂ ಹೇಳುವ ತನಕ. ಹಾಗೆ ಹೇಳಲಿಕ್ಕೇ `--deploy-hook` ಇರೋದು. ನಮ್ಮಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಡ್ರಾಯರ್ ನೋಡಿದವನಿಗೆ ಎಲ್ಲಾ ಸರಿಯಾಗೇ ಕಾಣುತ್ತದೆ.

ಮುಂದೆ ಇದು ಜಾಸ್ತಿ ಆಗೋ ಹಾಗಿದೆ. ದುಡ್ಡು ಕೊಟ್ಟು ತರುವ ಸರ್ಟಿಫಿಕೇಟುಗಳಿಗೆ ಇದ್ದ 398 ದಿನಗಳ ಮಿತಿ 2026ರ ಮಾರ್ಚಿನಿಂದ 200 ದಿನ, 2029ರಿಂದ 47 ದಿನ. ಹುಕ್ ಬರೆಯದವರಿಗೆ ವರ್ಷಕ್ಕೊಂದು ಬರುತ್ತಿದ್ದ ಮೀಟಿಂಗು ಸಂಕಷ್ಟಿ ಥರ ಬರುತ್ತಾ ಇರುತ್ತದೆ. ನಮ್ಮಲ್ಲಿ ಹುಕ್ ಬರೆಯುವ ಕೆಲಸಕ್ಕೆ ಶುಕ್ರವಾರದ ಗಡುವು ಬಿದ್ದಿದೆ, ಹುಡುಗನ ಹೆಸರಿಗೇ.

ಮೇಡಂಗೆ ಬಹುಮಾನ ಏನೂ ಸಿಗಲಿಲ್ಲ. ಅವರು ಬರೆದ ವರದಿ "ಸಾಕಷ್ಟು ಟೆಕ್ನಿಕಲ್ ಆಗಿಲ್ಲ" ಅಂತ ವಾಪಸ್ ಬಂತು. ಹುಡುಗನ ಮೊದಲ ಮೆಸೇಜನ್ನೇ ಅಂಟಿಸಿ ಕಳಿಸಿದರು, ಪಾಸಾಯಿತು.

ಸಂಜೆ ಐದಕ್ಕೆ ಅಡ್ಮಿನ್‌ನಿಂದ ನನಗೆ ಫೋನು: "ಸಾರ್, ಸಾಹೇಬ್ರು ರಿಸೆಪ್ಷನ್ನಿಗೆ ಹೊಸ ಲೈಸೆನ್ಸ್ ಫ್ರೇಮ್ ಹಾಕಿಸಿ ಅಂದಿದ್ದಾರೆ. ಅಳತೆ ಎಷ್ಟು?"

ಎ4 ಅಂದೆ.