ಜಾಸ್ತಿ ಟ್ರೇಡ್ ಮಾಡಿದರೆ ಜಾಸ್ತಿ ಲಾಭವೇ?

ಫಾರ್ವರ್ಡ್: "ದಿನಕ್ಕೆ ಹತ್ತು ಟ್ರೇಡ್ ಮಾಡಿ, ಕೈ ಪಳಗುತ್ತೆ, ತಿಂಗಳ ಸಂಬಳ ಅಲ್ಲೇ ಬರುತ್ತೆ."

ಸತ್ಯಾಂಶ: ಇಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರುಗಳ ಇಂಟ್ರಾಡೇ, ಅಂದರೆ ಕೊಂಡ ದಿನವೇ ಮಾರುವ ಟ್ರೇಡಿಂಗ್ ಮಾಡಿದ 10 ಜನರಲ್ಲಿ 7 ಜನ ಕಳೆದುಕೊಂಡರು. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ಇದು 8 ಜನ!

ಖರ್ಚಿನ ಲೆಕ್ಕ ನೋಡಿ. 50,000 ರೂಪಾಯಿಯ ಷೇರು ಕೊಂಡು ಅದೇ ದಿನ ಮಾರಿದಿರಿ ಅಂದುಕೊಳ್ಳಿ. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಇದ್ದರೆ, ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ ಎಲ್ಲ ಸೇರಿ ಸುಮಾರು 65 ರೂಪಾಯಿ. ಸಣ್ಣದು ಅನಿಸುತ್ತೆ, ಅಲ್ವಾ? ಅದೇ ಹಣವನ್ನು ದಿನಕ್ಕೆ ಹತ್ತು ಸಲ ತಿರುಗಿಸಿದರೆ 650, ತಿಂಗಳಿಗೆ 20 ದಿನ ಅಂದರೆ 13,000. ಅಂದರೆ ತಿಂಗಳಿಗೆ 26% ಗಳಿಸಿದರೆ ಮಾತ್ರ ಅಸಲು ಉಳಿಯುತ್ತದೆ.

ಇದರ ಮೇಲೆ ಮನಸ್ಸಿನ ಆಟ ಬೇರೆ. ಬೆಳಗ್ಗೆಯೇ 6% ಏರಿದ ಷೇರಿನ ಸ್ಕ್ರೀನ್‌ಶಾಟ್ ಗ್ರೂಪಿಗೆ ಬರುತ್ತದೆ, ಎಲ್ಲಿ ನಮಗೆ ತಪ್ಪಿಹೋಗುತ್ತೋ ಅಂತ ಕೊಳ್ಳುತ್ತೇವೆ, ಆದರೆ ಮೊದಲೇ ಕೊಂಡವರು ಮಾರುತ್ತಿರುವುದು ಆಗಲೇ. ಲಾಭ ಚೂರು ಕಂಡರೂ ಬೇಗ ಮಾರುತ್ತೇವೆ. ನಷ್ಟವನ್ನು ಮಾತ್ರ "ಮೇಲೆ ಬರುತ್ತೆ" ಅಂತ ಹಿಡಿದುಕೊಂಡು ಕೂರುತ್ತೇವೆ.

ನಿಮ್ಮ ಕಥೆ ಹೇಗಿದೆ ಅಂತ ತಿಳಿಯಬೇಕಾ? ಬ್ರೋಕರ್ ಆ್ಯಪ್‌ನಲ್ಲಿ ಲಾಭ-ನಷ್ಟ ತೋರಿಸುವ ಟ್ಯಾಕ್ಸ್ ಪಿ&ಎಲ್ ವರದಿ ತೆಗೆದು, ಚಾರ್ಜಸ್ ಕಳೆದ ಮೇಲೆ ಏನು ಉಳಿದಿದೆ ನೋಡಿ.