ಪಿಂಗ್ ಹೋಗುತ್ತೆ, ಸಾಫ್ಟ್‌ವೇರ್ ತೆರೆಯಲ್ಲ

‘ಸರ್ರ, ಸ್ಟಾಕ್ ಸಾಫ್ಟ್‌ವೇರ್ ಓಪನ್ನ ಆಗವಲ್ದು.’ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಿಂದ ಫೋನ್. ಹುಬ್ಬಳ್ಳಿ ಆಫೀಸಿನ ಫೈರ್‌ವಾಲ್ ನೋಡಿಕೊಳ್ಳುವವರು ಆಗಲೇ ತೀರ್ಪು ಕೊಟ್ಟಿದ್ದರು: ‘ಸರ್ವರ್‌ನಿಂದ ಪಿಂಗ್ ಹೋಗಾಕತ್ತೈತ್ರಿ, ಲೈನ್ ಚಲೋ ಐತಿ. ಅವರ ಕಂಪ್ಯೂಟರ್ ಕೆಟ್ಟಿರಬೇಕು.’ ಆದರೂ ಇರಲಿ ಅಂತ ಎಲ್ಲವನ್ನೂ ಬಿಡುವ ರೂಲ್ ಒಂದನ್ನು ಹಾಕಿದ್ದರು. ನನಗೆ ಸಿಟ್ಟು ಬರೋದು ಇಂಥದ್ದಕ್ಕೇ.

ಹಿಂದಿನ ವಾರ ಬ್ಯಾಡಗಿಗೆ ಜೋಡಿಸುವ ಹೊಸ ಲೈನ್ ಬಂದಿತ್ತು. ಅದರ ರೌಟರನ್ನು ಆಫೀಸಿನ ಸ್ವಿಚ್‌ಗೇ ಚುಚ್ಚಿ, 192.168.10.2 ಕೊಟ್ಟು ಹೋಗಿದ್ದರು. ಫೈರ್‌ವಾಲ್ 192.168.10.1, ಸ್ಟಾಕ್ ಸಾಫ್ಟ್‌ವೇರ್ ಇರುವ ಸರ್ವರ್ 192.168.10.5, ಬ್ಯಾಡಗಿ ಕಡೆ 192.168.50.0/24. ಬ್ಯಾಡಗಿಗೆ ಹೋಗುವ ರೂಟ್ ಫೈರ್‌ವಾಲ್‌ನಲ್ಲಿತ್ತು.

ಬ್ಯಾಡಗಿಯಿಂದ ಹೊರಟ, ಸಂಪರ್ಕ ಕೇಳುವ ಮೊದಲ ಸಿನ್ ಪ್ಯಾಕೆಟ್ ಹೊಸ ರೌಟರ್‌ಗೆ ಬರುತ್ತೆ. ಸರ್ವರ್ ಅದೇ ಸ್ವಿಚ್‌ನಲ್ಲಿದೆ, ರೌಟರ್ ನೇರ ಅದಕ್ಕೇ ಕೊಟ್ಟುಬಿಡುತ್ತೆ. ಫೈರ್‌ವಾಲ್‌ಗೆ ಸುಳಿವೇ ಇಲ್ಲ. ಸರ್ವರ್‌ಗೆ ಬ್ಯಾಡಗಿಯ ದಾರಿ ಗೊತ್ತಿಲ್ಲ, ಹಾಗಾಗಿ ಉತ್ತರದ ಸಿನ್-ಆಕ್ ಅನ್ನು ಡೀಫಾಲ್ಟ್ ಗೇಟ್‌ವೇಗೆ, ಅಂದ್ರೆ ಫೈರ್‌ವಾಲ್‌ಗೆ ಕಳಿಸುತ್ತೆ. ಫೈರ್‌ವಾಲ್ ತನ್ನ ಸೆಷನ್ ಪಟ್ಟಿ ನೋಡುತ್ತೆ. ಕೇಳದ ಪ್ರಶ್ನೆಗೆ ಬಂದ ಉತ್ತರ! ಡ್ರಾಪ್. ಆ ಬಾಕ್ಸ್‌ನಲ್ಲಿ ರೂಲ್ ನೋಡುವುದು ಸಿನ್ ಬಂದಾಗ ಮಾತ್ರ, ಅದಕ್ಕೇ ಹೊಸ ರೂಲ್ ಕೆಲಸಕ್ಕೆ ಬರಲಿಲ್ಲ.

ಹಾಗಾದರೆ ಪಿಂಗ್? ಸರ್ವರ್‌ನಿಂದ ಹೊರಟ ಪಿಂಗ್ ಫೈರ್‌ವಾಲ್ ದಾಟಿಯೇ ಹೋಗುತ್ತೆ, ಉತ್ತರ ರೌಟರ್‌ನಿಂದ ನೇರ ಬರುತ್ತೆ. ತಡೆಯುವವರಿಲ್ಲ. ಬ್ಯಾಡಗಿಯಿಂದ ಪಿಂಗ್ ಮಾಡಿಸಿದೆ, ಬರಲಿಲ್ಲ. ಒಂದು ಕಡೆಯಿಂದ ಮಾತ್ರ ಪಿಂಗ್ ಆಗ್ತಿದ್ರೆ ನನಗೆ ಮೊದಲು ಅನುಮಾನ ಬರೋದು ದಾರಿಯ ಮೇಲೆ.

ಸರ್ವರ್‌ನಲ್ಲಿ ಇದನ್ನು ಓಡಿಸಿದೆ:

```
tcpdump -eni eth0 'host 192.168.50.20 and tcp port 8080'
```

`[S]`, ಅಂದ್ರೆ ಸಿನ್, ಬಂತು; `[S.]`, ಅಂದ್ರೆ ಸಿನ್-ಆಕ್, ಹೋಯಿತು. ಆಮೇಲೆ ಆಕ್ ಇಲ್ಲ. ಸುಮಾರು 1 ಸೆಕೆಂಡ್, 2, 4 ಅಂತ ಬಿಟ್ಟು ಬಿಟ್ಟು ಸರ್ವರ್ ಅದೇ `[S.]` ಮತ್ತೆ ಕಳಿಸುತ್ತಿತ್ತು. ಸಾಕ್ಷಿ ಸಿಕ್ಕಿದ್ದು `-e` ಇಂದ, ಅದು ಮ್ಯಾಕ್ ವಿಳಾಸ ತೋರಿಸುತ್ತೆ. ಸಿನ್ ತಂದುಕೊಟ್ಟ ಮ್ಯಾಕ್ ಹೊಸ ರೌಟರ್‌ದು, ಸಿನ್-ಆಕ್ ಯಾವ ಮ್ಯಾಕ್‌ಗೆ ಹೊರಟಿತೋ ಅದು ಫೈರ್‌ವಾಲ್‌ದು. ಐಪಿ ಮಾತ್ರ ನೋಡಿದ್ರೆ ಇದು ಕಾಣೋದೇ ಇಲ್ಲ. ಫೈರ್‌ವಾಲ್‌ನ ಲ್ಯಾನ್ ಪೋರ್ಟ್‌ನಲ್ಲೂ ಹಿಡಿದು ನೋಡಿದೆ. ಬರೀ `[S.]`, ಒಂದೂ `[S]` ಇಲ್ಲ.

ಆ ಸಂಜೆಗೆ ಸರ್ವರ್‌ನಲ್ಲಿ ಒಂದು ಸಾಲು:

```
ip route add 192.168.50.0/24 via 192.168.10.2
```

ತಕ್ಷಣ ಓಪನ್ ಆಯಿತು. ಆದರೆ ರೀಬೂಟ್ ಮಾಡಿದರೆ ಈ ಸಾಲು ಹೋಗುತ್ತೆ, ಮತ್ತೆ ಪ್ರತಿ ಮಶೀನಿಗೂ ಹಾಕುತ್ತಾ ಕೂರಬೇಕು. ಅದಕ್ಕೇ ಭಾನುವಾರ ರೌಟರನ್ನು ಸ್ವಿಚ್‌ನಿಂದ ಕಿತ್ತು, ಫೈರ್‌ವಾಲ್‌ನ ಬೇರೆ ಪೋರ್ಟ್‌ಗೆ ಬೇರೆ ಸಬ್‌ನೆಟ್‌ನಲ್ಲಿ ಹಾಕಿದೆವು. ಸರ್ವರ್‌ನ ಸಾಲನ್ನೂ ತೆಗೆದೆ. ಈಗ ಹೋಗೋದು, ಬರೋದು ಎರಡೂ ಫೈರ್‌ವಾಲ್ ಮೂಲಕವೇ.

ಸೆಷನ್ ಪರೀಕ್ಷೆಯನ್ನೇ ಆಫ್ ಮಾಡೋಣ ಅಂತ ಒಬ್ಬರು ಅಂದಿದ್ದರು. ಹಾಗಾದರೆ ಫೈರ್‌ವಾಲ್ ಯಾಕೆ ಇಟ್ಟುಕೊಂಡಿದ್ದೀರಿ ಮಾರಾಯ್ರೆ?