ಪ್ರಾಣಮಿತ್ರರೇ, ತಮ್ಮ ಹೆಸರೇನು?

ವರ್ಷದ 364 ದಿನ ‘ನೀವು’ ಆಗಿದ್ದವರು ಒಂದು ದಿನ ಬೆಳಗಾಗುವಷ್ಟರಲ್ಲಿ ‘ನೀನು’ ಆಗಿಬಿಡುತ್ತಾರೆ. ಹಿಂದಿನ ರಾತ್ರಿಯವರೆಗೆ “ನೀವು ಕಳಿಸಿದ ಲಿಂಕ್ ತೆರೆಯುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಕಳಿಸಿ” ಎಂದು ಬರೆದಿದ್ದ ಕೈಯೇ ಇವತ್ತು “ನೀನು ನನ್ನ ಉಸಿರು ಕಣೋ” ಎಂದು ಬರೆಯುತ್ತದೆ. ಮರುದಿನ ಉಸಿರು ಮತ್ತೆ ಬಹುವಚನಕ್ಕೆ ಮರಳುತ್ತದೆ: “ನೀವು ಆ ಫೈಲ್ ನೋಡಿದಿರಾ?” ನಡುವೆ ಆದದ್ದಿಷ್ಟೇ, ಆ ಮನುಷ್ಯನಿಗೆ ಹುಟ್ಟುಹಬ್ಬ ಎಂದು ಫೋನು ತಿಳಿಸಿತು.

ಮುಖ ನೋಡದ ಗೆಳೆಯರಿಗೆ ಶುಭಾಶಯ ಬರೆಯುವಾಗ ನಮ್ಮ ಭಾಷೆಗೆ ಯಾಕೆ ಇಷ್ಟು ಜ್ವರ ಬರುತ್ತದೆ ಎಂಬುದಕ್ಕೆ ಕಾರಣವಿದೆ. ಸಂವಹನ ಶಾಸ್ತ್ರಜ್ಞ ಜೋಸೆಫ್ ವಾಲ್ಥರ್ 1996ರಲ್ಲೇ ಇದರ ಯಂತ್ರವನ್ನು ಬಿಚ್ಚಿ ತೋರಿಸಿದ್ದಾರೆ. ಬರಹದಲ್ಲಿ ಮಾತ್ರ ಸಿಗುವ ವ್ಯಕ್ತಿ ತನ್ನ ಒಳ್ಳೆಯ ಭಾಗಗಳನ್ನು ಆರಿಸಿ, ತಿದ್ದಿ ಕಳಿಸುತ್ತಾನೆ. ಓದುವವರು ಬಿಟ್ಟಿರುವ ಜಾಗಗಳನ್ನು ತಮ್ಮ ಆಸೆಯಿಂದ ತುಂಬಿಕೊಳ್ಳುತ್ತಾರೆ. ಹೀಗಾಗಿ ಎದುರಿಗೆ ಸಿಗುವ ಗೆಳೆಯನಿಗಿಂತ ಪರದೆಯ ಗೆಳೆಯ ಕೆಲವೊಮ್ಮೆ ಹೆಚ್ಚು ಹತ್ತಿರ ಅನ್ನಿಸುತ್ತಾನೆ. ಗೊರಕೆ, ಸಾಲ, ಕೆಟ್ಟ ಮೂಡು ಯಾವುದೂ ಇಲ್ಲದವರ ಜೊತೆ ಹೊಂದಿಕೊಳ್ಳುವುದಕ್ಕೆ ಕಷ್ಟವೇನಿದೆ? ಆ ಹತ್ತಿರ ಸುಳ್ಳಲ್ಲ. ಆದರೆ ಅದರಲ್ಲಿ ಎಷ್ಟು ಅವರದು, ಎಷ್ಟು ನಾವು ತುಂಬಿಕೊಂಡದ್ದು ಎಂದು ಲೆಕ್ಕ ಬೇರೆ ಮಾಡದೆ ಬರೆದಾಗ ಶುಭಾಶಯ ಕೆಡುತ್ತದೆ.

ಒಂದು ಪ್ರಕರಣವನ್ನು ಮೇಜಿನ ಮೇಲೆ ಇಟ್ಟು ನೋಡೋಣ. ಇಬ್ಬರು ಆನ್‌ಲೈನ್‌ನಲ್ಲಿ ನಿಧಾನ ಚದುರಂಗ ಆಡುತ್ತಾರೆ, ಒಂದು ನಡೆಗೆ ಮೂರು ದಿನ ಗಡುವು. ಮೂರು ವರ್ಷದಲ್ಲಿ 41 ಆಟ. ಫೋನ್ ಮಾತು ಆಗಿಲ್ಲ, ಭೇಟಿ ಇಲ್ಲ, ಪ್ರೊಫೈಲ್ ಚಿತ್ರದಲ್ಲಿ ಒಂದು ಕಪ್ಪು ಕುದುರೆ. ಈಗ ಹುಟ್ಟುಹಬ್ಬಕ್ಕೆ ಸಿದ್ಧವಾದ ಸಂದೇಶ ಹೀಗಿದೆ:

“ನನ್ನ ಪ್ರಾಣಮಿತ್ರ, ಒಡಹುಟ್ಟಿದವರಿಗಿಂತ ಹೆಚ್ಚಾದ ಅಣ್ಣಾ, ನಿನ್ನ ನಗುಮುಖವೇ ನನಗೆ ಸ್ಫೂರ್ತಿ. ಕಷ್ಟಸುಖದಲ್ಲಿ ಸದಾ ಜೊತೆಗಿದ್ದೀಯ. ಬೇಗ ಭೇಟಿಯಾಗೋಣ. ನೂರ್ಕಾಲ ಬಾಳು.”

ಒಂದೊಂದಾಗಿ ಹಿಡಿಯೋಣ. ‘ನಗುಮುಖ’ದಿಂದಲೇ ಶುರು ಮಾಡಬೇಕು, ಏಕೆಂದರೆ ಅಲ್ಲಿರುವುದು ಕುದುರೆಯ ಮುಖ, ಅದೂ ನಗುತ್ತಿಲ್ಲ. ‘ಅಣ್ಣಾ’ ಅನ್ನುವುದಕ್ಕೆ ವಯಸ್ಸು ಗೊತ್ತಿರಬೇಕು. ಆ ಕಡೆ ಕೂತವರಿಗೆ ಹತ್ತೊಂಬತ್ತು ವರ್ಷವಿರಬಹುದು, ಎಪ್ಪತ್ತೂ ಇರಬಹುದು, ಅಕ್ಕನೂ ಆಗಿರಬಹುದು. ಇಲ್ಲಿ ಕನ್ನಡ ನಮಗೊಂದು ಉಪಕಾರ ಮಾಡಿದೆ. ‘ನೀವು’, ‘ಅವರು’ ಎರಡಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ, ವಯಸ್ಸಿನ ಹಂಗೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೆಯೇ ಇಟ್ಟುಕೊಂಡು ಗೌರವದಿಂದ ಮಾತಾಡಲು ಇಷ್ಟು ಒಳ್ಳೆಯ ಸರ್ವನಾಮ ಕೈಯಲ್ಲಿರುವಾಗ ಅದನ್ನು ಬಿಟ್ಟು ‘ಕಣೋ’ಗೆ ಹಾರುವುದೇಕೋ ತಿಳಿಯದು. ವರ್ಷವೆಲ್ಲ ಯಾವ ಸರ್ವನಾಮದಲ್ಲಿ ಮಾತಾಡಿದ್ದೀರೋ ಹುಟ್ಟುಹಬ್ಬಕ್ಕೂ ಅದೇ ಇರಲಿ. ಹಳೆಯ ಚಾಟ್‌ನಲ್ಲಿ ಮೇಲಕ್ಕೆ ಹತ್ತು ಸಂದೇಶ ಸರಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

‘ಕಷ್ಟಸುಖದಲ್ಲಿ ಸದಾ ಜೊತೆಗಿದ್ದೀಯ’ ಎಂಬ ವಾಕ್ಯಕ್ಕೆ ಸಾಕ್ಷಿ ಹುಡುಕಿದರೆ ಸಿಗುವುದು ಒಂದೇ. ಎರಡು ವರ್ಷದ ಹಿಂದೆ ಅವರು “ಅಮ್ಮನಿಗೆ ಹುಷಾರಿಲ್ಲ, ಹತ್ತು ದಿನ ಆಟ ನಿಲ್ಲಿಸೋಣವೇ” ಎಂದು ಕೇಳಿದ್ದರು, ಈ ಕಡೆಯವರು ಆಗಲಿ ಎಂದು ಗಡಿಯಾರ ನಿಲ್ಲಿಸಿದ್ದರು. ಅಂದರೆ ಕಷ್ಟ ಅವರದು, ಜೊತೆಗಿದ್ದವರು ಇವರು, ಅದೂ ಹತ್ತು ದಿನ ಸುಮ್ಮನಿರುವ ಮೂಲಕ. ವಾಕ್ಯ ತಲೆಕೆಳಗಾಗಿದೆ. ಅದನ್ನು ನೆಟ್ಟಗೆ ಮಾಡಿ “ಅಮ್ಮನ ಕಾಯಿಲೆಯ ಸಮಯದಲ್ಲಿ ನೀವು ಪಟ್ಟ ಪಾಡು ನನಗೆ ಗೊತ್ತು” ಎಂದು ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆದರೆ ಇನ್ನೂ ಕೆಟ್ಟದ್ದು. ಖಾಸಗಿಯಾಗಿ ಹೇಳಿಕೊಂಡದ್ದು ಅಲ್ಲೇ ಇರಬೇಕು. ಎಲ್ಲರೆದುರು ಹಾಕುವ ಶುಭಾಶಯದಲ್ಲಿ ಅವರು ತಾವೇ ಎಲ್ಲರೆದುರು ಹೇಳಿದ್ದಕ್ಕಿಂತ ಒಂದಕ್ಷರವೂ ಹೆಚ್ಚಿರಬಾರದು. “ಐವತ್ತರ ಹೊಸ್ತಿಲಲ್ಲಿ ನಿಂತ ಗೆಳೆಯನಿಗೆ” ಎಂದು ಕವಿತೆ ಬರೆಯುವ ಮಹನೀಯರು ಇದನ್ನು ಗಮನಿಸಬೇಕು. ಪ್ರೊಫೈಲಿನಲ್ಲಿ ಹುಟ್ಟಿದ ವರ್ಷವನ್ನು ಮರೆಮಾಡಿ ದಿನ ಮತ್ತು ತಿಂಗಳನ್ನಷ್ಟೇ ಇಟ್ಟವರಿದ್ದಾರೆ. ಹೊಸ್ತಿಲಿನ ಸಂಖ್ಯೆ ಸೇರಿದ ಕೂಡಲೇ ಪೂರ್ಣ ಜನ್ಮದಿನಾಂಕ ತಯಾರು, ಗುರುತು ಕದಿಯುವವರಿಗೆ ಬೇಕಾದ ಮೊದಲ ಸಾಮಾನೇ ಅದು. ಪ್ರೀತಿಯಿಂದ ಕೊಟ್ಟ ಉಡುಗೊರೆ, ಆದರೆ ಸಿಕ್ಕಿದ್ದು ಬೇರೆಯವರಿಗೆ.

ಅದೇ ಜಾತಿಗೆ ಸೇರಿದ್ದು ಕೊಲಾಜು. ಪ್ರೊಫೈಲಿನ ಆಳದಿಂದ ಒಂಬತ್ತು ಫೋಟೊ ಎತ್ತಿ, ಗುಲಾಬಿ ಚೌಕಟ್ಟು ಹಾಕಿ, ಟ್ಯಾಗ್ ಮಾಡಿ ಹಾಕುವುದು. ಗೆಳೆಯರನ್ನು ಎಂದೂ ನೋಡಿಲ್ಲವಾದ್ದರಿಂದ ಒಂಬತ್ತರಲ್ಲಿ ಎರಡು ಅವರ ಭಾವನದ್ದಾಗಿರುತ್ತದೆ. ಸೊಂಟದ ಮೇಲೊಂದು ಅರ್ಧ ಕೈ ಉಳಿದಿರುತ್ತದೆ, ಕತ್ತರಿಸಿ ತೆಗೆದ ಯಾರದೋ ಕೈ. ಹುಟ್ಟುಹಬ್ಬದವರು ಆ ದಿನ ಶುಭಾಶಯಗಳಿಗೆ ಧನ್ಯವಾದ ಹೇಳುವುದರ ಜೊತೆಗೆ “ಅವನು ನಾನಲ್ಲ” ಎಂದೂ ನಲವತ್ತು ಸಲ ಬರೆಯಬೇಕಾಗುತ್ತದೆ.

‘ಬೇಗ ಭೇಟಿಯಾಗೋಣ’ ಎಂಬುದು ಈ ಪ್ರಕಾರದ ಅತ್ಯಂತ ಅಗ್ಗದ ಚೆಕ್ಕು. ಭೇಟಿ ನಿಜವಾಗಿ ಬೇಕಿದ್ದರೆ ವಾಕ್ಯದಲ್ಲಿ ಒಂದು ತಿಂಗಳು, ಒಂದು ಊರು ಇರುತ್ತದೆ. ಎರಡೂ ಇಲ್ಲದಿದ್ದರೆ ವಾಕ್ಯವನ್ನೇ ತೆಗೆಯಿರಿ. ಭೇಟಿಯಾಗುವ ಉದ್ದೇಶವೇ ಇಲ್ಲದ ಸ್ನೇಹದಲ್ಲಿ ಕುಂದೇನೂ ಇಲ್ಲ, ಅದಕ್ಕೆ ಕ್ಷಮೆ ಕೇಳುವಂತೆ ಭೇಟಿಯ ಭರವಸೆ ಅಂಟಿಸುವುದರಿಂದ ಕುಂದು ಬರುತ್ತದೆ. ಎದುರಿನವರು ಅದನ್ನು ನಂಬಿ “ಯಾವಾಗ?” ಎಂದು ಕೇಳಿದರೆ ಏನು ಹೇಳುತ್ತೀರಿ?

ಇನ್ನು ದಿನಾಂಕ. ಜನವರಿ 1ರಂದು ಹುಟ್ಟಿದವರ ಸಂಖ್ಯೆ ಸಾಮಾಜಿಕ ಜಾಲತಾಣಗಳಲ್ಲಿ ಅನುಮಾನ ಬರುವಷ್ಟಿದೆ. ನಿಜ ದಿನಾಂಕ ಕೊಡಲು ಇಷ್ಟವಿಲ್ಲದವರು ಫಾರಂ ತುಂಬುವಾಗ ವರ್ಷವನ್ನಷ್ಟೇ ಉರುಳಿಸಿ, ತಿಂಗಳು-ದಿನವನ್ನು ಇದ್ದಲ್ಲೇ ಬಿಟ್ಟು ಮುಂದೆ ಹೋಗಿರುತ್ತಾರೆ. ಅವರ ಗೋಡೆಗೆ ಆ ದಿನ “ನೀವು ಹುಟ್ಟಿದ ಈ ಪುಣ್ಯ ದಿನ” ಎಂದು ನೂರಾರು ಜನ ಬಂದು ಬರೆಯುತ್ತಾರೆ, ಅವರು ಸಂಕೋಚದಿಂದ ಎಲ್ಲಕ್ಕೂ ಹೃದಯ ಒತ್ತುತ್ತಾರೆ. ಅನುಮಾನವಿದ್ದರೆ ಹಿಂದಿನ ವರ್ಷದ ಶುಭಾಶಯಗಳಿಗೆ ಅವರು ಏನು ಉತ್ತರಿಸಿದ್ದಾರೆ ನೋಡಿ. ಬರೀ ಹೃದಯವಿದ್ದು ಒಂದೂ ಮಾತಿಲ್ಲದಿದ್ದರೆ ಹುಷಾರು. ನೇರವಾಗಿ ಕೇಳಿದರೂ ತಪ್ಪಲ್ಲ: “ಇವತ್ತು ಎಂದು ತೋರಿಸುತ್ತಿದೆ, ಹೌದೇ?”

ನೋಡುವಾಗ ಇನ್ನೊಂದನ್ನೂ ನೋಡಿ, ಅವರು ಕೊನೆಯದಾಗಿ ಏನಾದರೂ ಬರೆದದ್ದು ಯಾವಾಗ ಎಂದು. ಫೇಸ್‌ಬುಕ್‌ನಲ್ಲಿ ತೀರಿಕೊಂಡವರ ಖಾತೆಯನ್ನು ಸ್ಮಾರಕ ಖಾತೆಯಾಗಿ ಬದಲಿಸುವ ಏರ್ಪಾಡಿದೆ, ಹಾಗೆ ಬದಲಿಸಿದ ಮೇಲೆ ಹುಟ್ಟುಹಬ್ಬದ ನೆನಪೋಲೆ ಬರುವುದಿಲ್ಲ. ಆದರೆ ಸಾವಿನ ಸುದ್ದಿಯನ್ನು ಯಾರಾದರೂ ತಿಳಿಸಬೇಕು. ತಿಳಿಸುವ ತನಕ ಯಂತ್ರ ತನ್ನ ಕೆಲಸ ಮಾಡುತ್ತಲೇ ಇರಬಹುದು, ಪ್ರಾಣಮಿತ್ರರೂ ತಮ್ಮದನ್ನು ಮಾಡುತ್ತಾರೆ. ಕೆಳಗೆ “ಓಂ ಶಾಂತಿ” ಎಂಬ ಕಳೆದ ವರ್ಷದ ಸಾಲು, ಅದರ ಮೇಲೆ ಈ ವರ್ಷದ “ನೂರ್ಕಾಲ ಬಾಳು ಗೆಳೆಯಾ, ಪಾರ್ಟಿ ಎಲ್ಲಿ?”

ಗಡಿಯಾರದ ವಿಷಯವನ್ನು ಬೇಗ ಮುಗಿಸಬಹುದು. ನಡುರಾತ್ರಿ ಹನ್ನೆರಡಕ್ಕೆ ಸರಿಯಾಗಿ ಕಳಿಸಿ ಮೊದಲಿಗರಾಗಬೇಕೆಂಬ ಹಟ ನಮ್ಮಲ್ಲಿದೆ. ಅವರ ಗಡಿಯಾರ ನಿಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿದ್ದರೆ, ನಿಮ್ಮ ನಡುರಾತ್ರಿ ಅವರಿಗೆ ಹಿಂದಿನ ದಿನದ ಮಧ್ಯಾಹ್ನ ಎರಡೂವರೆ. ನಿದ್ದೆಗೆಟ್ಟು ಮೊದಲಿಗರಾದ ನೀವು ತಲುಪಿದ್ದು ಹುಟ್ಟುಹಬ್ಬವೇ ಇಲ್ಲದ ದಿನಕ್ಕೆ. ನಿಮ್ಮ ಸಂಜೆ ಐದಕ್ಕೆ ಕಳಿಸಿ, ಅಲ್ಲಿ ಅದೇ ದಿನದ ಬೆಳಿಗ್ಗೆ ಏಳೂವರೆ. ಕಣ್ಣು ತೆರೆದುಕೊಂಡು ಬರೆಯುವುದರಿಂದ ಕಾಗುಣಿತವೂ ನೆಟ್ಟಗಿರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಹನ್ನೆರಡಕ್ಕೆ ‘ಶುಭಾಶಯ’ವನ್ನು ‘ಶವಾಶಯ’ ಎಂದು ಒತ್ತಿ ಮಲಗಿದವರಿಗೆ ಬೆಳಿಗ್ಗೆ ತಿದ್ದುವ ಹಕ್ಕಿರುವುದಿಲ್ಲ.

ಈಗ ಆ ಚದುರಂಗದ ಸಂದೇಶಕ್ಕೆ ಮರಳೋಣ. ಸಾಕ್ಷಿಯಿಲ್ಲದ್ದನ್ನೆಲ್ಲ ಕಿತ್ತ ಮೇಲೆ ಉಳಿದದ್ದು ‘ನೂರ್ಕಾಲ ಬಾಳು’ ಒಂದೇ, ಅದನ್ನೂ ಯಾರಿಗೆ ಬೇಕಾದರೂ ಹೇಳಬಹುದು. ಹಾಗಾದರೆ ಈ ಸ್ನೇಹದಲ್ಲಿ ಏನೂ ಇಲ್ಲವೇ? 41 ಆಟಗಳಿವೆ! ಒಂದೊಂದು ನಡೆಯೂ ದಾಖಲಾಗಿದೆ. ಎದುರೆದುರು ಸಿಗುವ ಎಷ್ಟು ಗೆಳೆಯರ ಬಗ್ಗೆ ಇಷ್ಟು ನಿಖರವಾಗಿ ಗೊತ್ತಿರುತ್ತದೆ? ಅವರು ಸೋಲುವ ಸ್ಥಿತಿಯಲ್ಲೂ ಬೇಗ ಕೈಚೆಲ್ಲುವುದಿಲ್ಲ, ಗೆಲ್ಲುವಾಗ ಬೇಕೆಂದೇ ಎಳೆಯುವುದಿಲ್ಲ, ತಪ್ಪು ನಡೆ ಇಟ್ಟರೆ ಒಂದು ನಗುವ ಚಿಹ್ನೆ ಕಳಿಸುತ್ತಾರೆ. ಇವೆಲ್ಲ ಕಣ್ಣಾರೆ ಕಂಡದ್ದು. ಶುಭಾಶಯಕ್ಕೆ ಬೇಕಾದ ಸಾಮಾನು ಇಲ್ಲೇ ಇತ್ತು, ಪ್ರಾಣಮಿತ್ರನನ್ನು ಹುಡುಕಿ ಹೊರಟವರು ಮಣೆಯನ್ನೇ ತೆರೆದು ನೋಡಲಿಲ್ಲ. ಅದರಲ್ಲಿ ಒಂದನ್ನು ಮಾತ್ರ ಆರಿಸಬೇಕು, ಐದು ಹಾಕಿದರೆ ಅದು ಬೀಳ್ಕೊಡುಗೆ ಭಾಷಣವಾಗುತ್ತದೆ. ಆರಿಸಿದ್ದು ಸರಿಯೇ ಎಂದು ತಿಳಿಯಲು ಅದೇ ಸಾಲನ್ನು ಬೇರೊಬ್ಬ ಗೆಳೆಯರಿಗೆ ಕಳಿಸಿದ ಹಾಗೆ ಊಹಿಸಿ. ಅವರು “ಇದು ನನಗಲ್ಲ, ತಪ್ಪಿ ಬಂದಿದೆ” ಅನ್ನಬೇಕು.

ತಿದ್ದಿದ ಪ್ರತಿ ಹೀಗಾಗುತ್ತದೆ:

“ಹುಟ್ಟುಹಬ್ಬದ ಶುಭಾಶಯಗಳು. ಕಳೆದ ತಿಂಗಳ ಆಟದಲ್ಲಿ ಒಂದು ಕಾಲಾಳು ಕಡಿಮೆಯಿದ್ದರೂ ನೀವು ಆನೆಯನ್ನು ಆ ಸಾಲಿನಿಂದ ಕದಲಿಸಲೇ ಇಲ್ಲ. ಕೊನೆಗೆ ನನ್ನ ಕಾಲಾಳು ಮುಂದೆ ಹೆಜ್ಜೆಯಿಟ್ಟ ಕೂಡಲೇ ಆನೆಯನ್ನು ದೂರದ ಅಂಚಿಗೆ ಓಡಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಡ್ರಾ ಮಾಡಿಕೊಂಡಿರಿ. ಆ ಆಟವನ್ನು ಆಗಾಗ ತೆರೆದು ನೋಡುತ್ತಿರುತ್ತೇನೆ. ನಿಮ್ಮ ಜೊತೆ ಆಡುವುದು ನನಗೆ ಇಷ್ಟ. ಈ ವರ್ಷ ಆರೋಗ್ಯವಾಗಿರಿ.”

ಇದರಲ್ಲಿ ಅಣ್ಣ ಇಲ್ಲ, ಉಸಿರಿಲ್ಲ, ಮುಖವಿಲ್ಲ. ‘ಆರೋಗ್ಯವಾಗಿರಿ’ ಎಂಬುದರಲ್ಲಿ ಆ ಹತ್ತು ದಿನದ ನೆನಪು ಬೇಕೆನ್ನುವವರಿಗೆ ಸಿಗುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಕಳಿಸಿದ ಮೇಲೆ ನೀಲಿ ಗೀಟುಗಳನ್ನೇ ನೋಡುತ್ತಾ ಕೂರಬಾರದು, ಉತ್ತರದ ಉದ್ದವನ್ನು ಅಳೆಯಲೂಬಾರದು. ಪ್ರಾಣಮಿತ್ರರ ಪೈಕಿ ಅನೇಕರು ಇಲ್ಲೇ ಮುನಿಸಿಕೊಳ್ಳುತ್ತಾರೆ: “ಹತ್ತು ಸಾಲು ಬರೆದೆ, ಬರೀ ‘ಥ್ಯಾಂಕ್ಸ್’ ಅಂತೆ!” ಹತ್ತು ಸಾಲನ್ನು ಬಡ್ಡಿಗೆ ಬಿಟ್ಟಿದ್ದರೆಂದು ಆಗ ತಿಳಿಯುತ್ತದೆ.

ಚದುರಂಗದವರಿಂದ ಉತ್ತರ ಬರುವುದಕ್ಕೂ ಎರಡು ದಿನ ಹಿಡಿಯಬಹುದು, ಅವರು ಯಾವುದಕ್ಕೂ ಅಷ್ಟು ಹೊತ್ತು ತೆಗೆದುಕೊಳ್ಳುವವರೇ. ಬಂದಾಗ ಬಹುಶಃ ಇಷ್ಟೇ ಇರುತ್ತದೆ: “ತುಂಬಾ ಖುಷಿಯಾಯಿತು. ಅಂದಹಾಗೆ, ನಡೆ ನಿಮ್ಮದು. ಇನ್ನು ಏಳು ಗಂಟೆ ಉಳಿದಿದೆ.”